ನೆಗೆಣ್ಣಿ ಹತ್ತಿರದ ಸಂಬಂಧವೇ?

ನಮ್ಮ ಮನೆಯಲ್ಲಿ ಒಂದೇ ಸುದ್ದಿಗೆ ಎರಡು ಕ್ರಿಯಾಪದಗಳಿದ್ದವು. ನನ್ನ ಗಂಡನ ಅಣ್ಣನ ಹೆಂಡತಿ, ಅಂದರೆ ನನ್ನ ನೆಗೆಣ್ಣಿ, ಅಂಗನವಾಡಿ ಕಾರ್ಯಕರ್ತೆ. ಅವಳು ಮನೆಗೆ ಬಂದು ಚಪ್ಪಲಿ ಬಿಡುತ್ತಲೇ "ಮತ್ತ ಡ್ಯೂಟಿ ಬಿದ್ದದ" ಎನ್ನುತ್ತಿದ್ದಳು. ನಾನು ಬಸವಕಲ್ಯಾಣದ ಒಂದು ಡಿಗ್ರಿ ಕಾಲೇಜಿನಲ್ಲಿ ಕನ್ನಡದ ಅತಿಥಿ ಉಪನ್ಯಾಸಕಿ. ವರ್ಷಕ್ಕೆ ಒಂದೆರಡು ಸಲ ಸಾಯಂಕಾಲದ ಬಸ್ಸಿಳಿದು ಓಡಿ ಬಂದು "ಡ್ಯೂಟಿ ಸಿಕ್ಕದ" ಎನ್ನುತ್ತಿದ್ದೆ. ಅವಳ ಮೇಲೆ ಬೀಳುತ್ತಿದ್ದದ್ದು ಪೋಲಿಯೋ, ಮತದಾರರ ಪಟ್ಟಿ, ಮನೆಮನೆ ಸಮೀಕ್ಷೆ. ನನಗೆ ಸಿಗುತ್ತಿದ್ದದ್ದು ಪರೀಕ್ಷಾ ಕೊಠಡಿಯ ಮೇಲ್ವಿಚಾರಣೆ. ಅತ್ತೆಗೆ ಎರಡೂ ಒಂದೇ. ಸೊಸೆಯಂದಿರು ಹೊತ್ತಿಗೆ ಸರಿಯಾಗಿ ಒಲೆಯ ಮುಂದೆ ಇರುವುದಿಲ್ಲ ಎಂಬುದಷ್ಟೇ ಅವರ ತಕರಾರು.

ಅತಿಥಿ ಎಂಬ ಮಾತಿನ ಬಗ್ಗೆ ಹೊರಗಿನವರಿಗೆ ತಪ್ಪು ಕಲ್ಪನೆ ಇರಬಹುದು. ಈ ಅತಿಥಿಗೆ ಸೆಮಿಸ್ಟರ್ ಮುಗಿದೊಡನೆ ಬಿಡುಗಡೆ ಆದೇಶ ಕೈಗೆ ಬರುತ್ತದೆ, ಗೌರವಧನ ನಿಲ್ಲುತ್ತದೆ. ಮತ್ತೆ ಕೌನ್ಸೆಲಿಂಗ್ ಆಗಿ ಕರೆ ಬರುವತನಕ ನಡುವೆ ಒಂದು ದೊಡ್ಡ ಹಳ್ಳ. ಆ ಹಳ್ಳ ದಾಟಲು ನಮಗಿದ್ದ ಕಲ್ಲುಗಳೆಂದರೆ ಪರೀಕ್ಷೆ, ಮೌಲ್ಯಮಾಪನ, ಸಮೀಕ್ಷೆ. ಮೌಲ್ಯಮಾಪನ ಅಂದರೆ ಉತ್ತರ ಪತ್ರಿಕೆ ತಿದ್ದುವ ಕೆಲಸ. ಅದಕ್ಕೆ ನಿಗದಿಯಾದಷ್ಟು ವರ್ಷ ಪಾಠ ಮಾಡಿದ ಅನುಭವ ಬೇಕು. ಪ್ರಾಚಾರ್ಯರು ಸೇವಾ ಪ್ರಮಾಣಪತ್ರ ಕೊಟ್ಟು, ವಿಷಯವಾರು ಪಟ್ಟಿಯಲ್ಲಿ ಹೆಸರು ಕಳಿಸಿ, ಅಲ್ಲಿಂದ ಆದೇಶ ಬರಬೇಕು. ನನ್ನ ಅನುಭವ ಆಗ ಸಾಲದಾಗಿತ್ತು. ಒಂದು ಮಳೆಗಾಲ ನನ್ನ ನೆಗೆಣ್ಣಿಯ ತವರಾದ ಮಂಠಾಳದಲ್ಲಿ ಬೆಳೆ ಸಮೀಕ್ಷೆಯನ್ನೂ ಮಾಡಿದ್ದೆ. ಹೊಲದ ಒಳಗೆ ಹೋಗಿ ನಿಲ್ಲದ ಹೊರತು ಫೋಟೋ ತೆಗೆಯಲು ಬಿಡದ ಆ್ಯಪು ಅದು. ತೊಗರಿ ಹೊಲದ ಕೆಸರಿನಲ್ಲಿ ಒಂದು ಚಪ್ಪಲಿ ಶಾಶ್ವತವಾಗಿ ಉಳಿದುಹೋಯಿತು.

ಉಳಿದದ್ದು ಪರೀಕ್ಷೆ. ಅದರ ಡ್ಯೂಟಿ ಪಡೆಯುವುದಕ್ಕೂ ಒಂದು ರೀತಿ ಇದೆ. ತೀರಾ ಮೊದಲೇ ಕೇಳಿದರೆ "ಇನ್ನೂ ವೇಳಾಪಟ್ಟಿನೇ ಬಂದಿಲ್ಲ" ಎನ್ನುತ್ತಾರೆ. ತಡಮಾಡಿದರೆ "ಪಟ್ಟಿ ಆಗಿಹೋತು" ಎನ್ನುತ್ತಾರೆ. ವೇಳಾಪಟ್ಟಿ ಫಲಕಕ್ಕೆ ಅಂಟಿದ ದಿನವೇ, ಗೋಂದು ಒಣಗುವುದರೊಳಗೆ, ಎರಡೂ ಪಾಳಿಗೆ ಸಿದ್ಧ ಎಂದು ಅರ್ಜಿ ಕೊಡಬೇಕು. ಮೊದಲು ಕಾಯಂ ಉಪನ್ಯಾಸಕರ ಹೆಸರುಗಳು ಬರುತ್ತವೆ. ಅವರಲ್ಲಿ ಸೊಂಟನೋವಿನವರು, ಮನೆಯಲ್ಲಿ ಮದುವೆ ಇದ್ದವರು ಬಿಡಿಸಿಕೊಳ್ಳುತ್ತಾರೆ. ಅವರೂ ನನ್ನ ನೆಗೆಣ್ಣಿಯ ಭಾಷೆಯಲ್ಲೇ "ಬಿದ್ದದ" ಎನ್ನುವವರು. ಅವರು ಕೊಡವಿಕೊಂಡದ್ದನ್ನು ನಾವು ಸೆರಗೊಡ್ಡಿ ಹಿಡಿಯುತ್ತಿದ್ದೆವು. ಯಾರ ಸೊಂಟ ಯಾವ ಪರೀಕ್ಷೆಯ ಹೊತ್ತಿಗೆ ನೋಯುತ್ತದೆ ಎಂಬುದು ನನಗೆ ಬಾಯಿಪಾಠವಾಗಿತ್ತು.

ಆ ವರ್ಷ ಅದೇ ಫಲಕದ ಮೇಲೆ ಇನ್ನೊಂದು ಸೂಚನೆಯನ್ನೂ ಓದಿದೆ. ಹಳೆಯ ಪಠ್ಯಕ್ರಮದಲ್ಲಿ ವಿಷಯ ಉಳಿಸಿಕೊಂಡವರಿಗೆ ಕೊನೆಯ ಅವಕಾಶ, ಇದರ ನಂತರ ಇಲ್ಲ ಎಂದಿತ್ತು. ತಟ್ಟನೆ ನೆಗೆಣ್ಣಿ ನೆನಪಾದಳು. ಅವಳು ಇದೇ ಕಾಲೇಜಿನಲ್ಲಿ ಬಿ.ಎ. ಓದಿದವಳು. ಕೊನೆಯ ವರ್ಷ ಮದುವೆಯಾಗಿ ಹುಮನಾಬಾದಿಗೆ ಬಂದಳು. ಇಂಗ್ಲಿಷ್ ಒಂದು ಪೇಪರು ಉಳಿಯಿತು. ಹೊಟ್ಟೆಯಲ್ಲಿ ಮಗಳಿದ್ದಾಗ ಒಮ್ಮೆ ಬರೆದು ನಪಾಸಾಗಿದ್ದಳು. ಆಮೇಲೆ ಆ ಪೇಪರು ಮನೆಯ ಅಟ್ಟದ ಮೇಲಿನ ಸಾಮಾನಿನಂತೆ, ಇದೆ ಅಂತ ಎಲ್ಲರಿಗೂ ಗೊತ್ತು, ಯಾರೂ ಇಳಿಸುವುದಿಲ್ಲ. ಡಿಗ್ರಿ ಮುಗಿದ ಕಾರ್ಯಕರ್ತೆಯರಿಗೆ ಮೇಲ್ವಿಚಾರಕಿಯಾಗುವ ಅವಕಾಶವಿದೆ ಎಂದು ಅವಳು ಆಗಾಗ ಹೇಳುತ್ತಿದ್ದಳು. ಸಾರಿಗೆ ಒಗ್ಗರಣೆ ಹಾಕುತ್ತ, ಇನ್ನೊಬ್ಬರ ವಿಷಯವೆಂಬಂತೆ ಹೇಳುತ್ತಿದ್ದಳು.

ಪರೀಕ್ಷೆಯ ಅರ್ಜಿಯನ್ನು ನಾನೇ ತುಂಬಿದೆ, ಫೀಸನ್ನು ನಾನೇ ಕಟ್ಟಿದೆ, ಹಳೆಯ ಅಂಕಪಟ್ಟಿಯ ಜೆರಾಕ್ಸನ್ನು ನಾನೇ ಲಗತ್ತಿಸಿದೆ. ಓದಿದ ಕಾಲೇಜೇ ಪರೀಕ್ಷಾ ಕೇಂದ್ರ ಎಂಬುದು ಗೊತ್ತಿದ್ದ ಸಂಗತಿ. ಆ ಕೇಂದ್ರದಲ್ಲೇ ನಾನು ಡ್ಯೂಟಿ ಕೇಳಿದ್ದೇನೆ ಎಂಬುದೂ ಗೊತ್ತಿದ್ದ ಸಂಗತಿ. ಎರಡನ್ನೂ ಜೋಡಿಸಿ ನೋಡುವ ಬುದ್ಧಿ ಮಾತ್ರ ನನಗೆ ಹೊಳೆಯಲಿಲ್ಲ. ನಮ್ಮ ತಲೆಯಲ್ಲಿ ಮನೆ ಹುಮನಾಬಾದಿನಲ್ಲಿ, ಕಾಲೇಜು ಬಸವಕಲ್ಯಾಣದಲ್ಲಿ. ನಡುವೆ ಬಸ್ಸು.

ನೆಗೆಣ್ಣಿ ಅಂಗನವಾಡಿಯ ಮಕ್ಕಳು ಮಲಗಿದಾಗ ಓದತೊಡಗಿದಳು. ಪದ್ಯದ ಸಾರಾಂಶವನ್ನು ಗೋಡೆಯ ಮೇಲಿನ ಆನೆ, ಒಂಟೆಗಳಿಗೆ ಒಪ್ಪಿಸುತ್ತಿದ್ದಳಂತೆ. ನನ್ನನ್ನು ಏನಾದರೂ ಕೇಳಿದರೆ ನನಗೂ ಅಷ್ಟಕ್ಕಷ್ಟೇ. ಇಬ್ಬರೂ ಸೇರಿ ಅವಳ ಮಗಳನ್ನು ಕೇಳುತ್ತಿದ್ದೆವು. ಒಂಬತ್ತನೆಯ ತರಗತಿಯ ಆ ಹುಡುಗಿ ನಮ್ಮಿಬ್ಬರಿಗೂ ವ್ಯಾಕರಣ ಹೇಳಿಕೊಟ್ಟು, ಬಯ್ದು, ಎದ್ದುಹೋಗುತ್ತಿದ್ದಳು.

ಪರೀಕ್ಷೆಗೆ ಮುಂಚೆ ಕೊಠಡಿ ಮೇಲ್ವಿಚಾರಕರ ಸಭೆ ಕರೆದರು. ಪ್ರಾಚಾರ್ಯರೇ ಮುಖ್ಯ ಅಧೀಕ್ಷಕರು. ಹಾಲ್ ಟಿಕೆಟ್ ನೋಡಿಯೇ ಸಹಿ ಮಾಡಿ, ಮೊಬೈಲ್ ಹೊರಗಿಡಿ, ಗೈರು ವಿವರ ತಪ್ಪಿಲ್ಲದೆ ತುಂಬಿ ಎಂದು ಪ್ರತಿ ವರ್ಷದ ಮಾತನ್ನೇ ಹೇಳಿದರು. ನಿಮ್ಮ ವಿಷಯದ ಪರೀಕ್ಷೆಯ ದಿನ ನಿಮಗೆ ಡ್ಯೂಟಿ ಇಲ್ಲ ಎಂದರು. ಕೊನೆಗೆ ಒಂದು ಘೋಷಣಾ ಪತ್ರ ಹಂಚಿದರು. ನನ್ನ ಹತ್ತಿರದ ಸಂಬಂಧಿಕರು ಈ ಕೇಂದ್ರದಲ್ಲಿ ಪರೀಕ್ಷೆ ಬರೆಯುತ್ತಿದ್ದರೆ ಅವರ ವಿವರ, ಇಲ್ಲದಿದ್ದರೆ "ಯಾರೂ ಇಲ್ಲ" ಎಂದು ಬರೆದು ಸಹಿ ಮಾಡಬೇಕಿತ್ತು.

ನನ್ನ ಪಕ್ಕದಲ್ಲಿ ಕೊಹಿನೂರದಿಂದ ಬರುತ್ತಿದ್ದ ಇತಿಹಾಸದ ಅತಿಥಿ ಉಪನ್ಯಾಸಕ ಕೂತಿದ್ದ. ಮೊದಲ ವರ್ಷ, ಮೊದಲ ಡ್ಯೂಟಿ. ನಾವೆಲ್ಲ ಒಂದು ಸಾಲು ಬರೆಯುವುದರಲ್ಲಿ ಅವನು ಕಾಗದವನ್ನು ಹಿಂದೆ ತಿರುಗಿಸಿ ಬರೆಯುತ್ತಲೇ ಇದ್ದ. ಪ್ರಾಚಾರ್ಯರು ಅದನ್ನು ಎತ್ತಿಕೊಂಡು ನೋಡಿದರು.

"ಇಷ್ಟೆಲ್ಲಾ ಯಾರ್ರೀ ಇವರು?"

"ನಮ್ಮೂರ ಹುಡುಗ್ರು ಸರ್. ಕೆಲವ್ರು ಕಾಕಾ ಅಂತಾರ, ಕೆಲವ್ರು ಮಾಮಾ ಅಂತಾರ."

"ಖರೆ ಸಂಬಂಧ ಏನದ?"

"ಊರಾಗ ಎಲ್ಲಾರೂ ಆಗಬೇಕ್ರಿ ಸರ್. ಹಿಂಗ ಅಂತ ಹೇಳಾಕ ಬರಂಗಿಲ್ಲ."

ಸಭೆ ಹೊಟ್ಟೆ ಹಿಡಿದು ನಕ್ಕಿತು. ಪ್ರಾಚಾರ್ಯರು ಆ ಕಾಗದ ಹರಿದು ಹೊಸದೊಂದು ಕೊಟ್ಟು, "ಯಾರೂ ಇಲ್ಲ ಅಂತ ಬರೀರಿ" ಎಂದರು. ಅವನು ಊರಿಗೆ ದ್ರೋಹ ಮಾಡುವವನಂತೆ ಅಂಜುತ್ತ ಅಂಜುತ್ತ ಬರೆದ. ಊರಿಗೂರೇ ಸಂಬಂಧವಾದವನು ಪಾರಾದ.

ನಾನು ನಗುವಷ್ಟು ನಕ್ಕು ನನ್ನ ಕಾಗದದ ಮೇಲೆ ಪೆನ್ನಿಟ್ಟೆ. ಆಗ ಹೊಳೆಯಿತು. ಹಳೆಯ ಪಠ್ಯಕ್ರಮದವರು ಹೆಚ್ಚೆಂದರೆ ಒಂದು ಕೊಠಡಿ ತುಂಬುವಷ್ಟು. ಅದರಲ್ಲಿ ಒಬ್ಬಳು ನನ್ನ ಮನೆಯವಳು, ನನ್ನದೇ ಅಡ್ಡಹೆಸರಿನವಳು. ಪೆನ್ನು ನಿಂತಿತು ಎಂದು ಬರೆದರೆ ಚೆನ್ನಾಗಿರುತ್ತದೆ. ಆದರೆ ಅದು ನಿಲ್ಲಲಿಲ್ಲ. ಬಯ್ದುಕೊಳ್ಳುತ್ತಲೇ "ನೆಗೆಣ್ಣಿ" ಎಂದು ಬರೆದೆ. ಮುಚ್ಚಿಟ್ಟು ಸಿಕ್ಕಿಬಿದ್ದರೆ ನನ್ನ ಡ್ಯೂಟಿಯಷ್ಟೇ ಹೋಗುವುದಿಲ್ಲ, ಅವಳ ಕೊನೆಯ ಅವಕಾಶದ ಮೇಲೂ ಕಲೆ ಬೀಳುತ್ತದೆ ಎಂಬುದು ಅಷ್ಟರಲ್ಲಿ ಅರ್ಥವಾಗಿತ್ತು.

ಪ್ರಾಚಾರ್ಯರು ಮೈಸೂರು ಕಡೆಯವರು. ಇಲ್ಲಿಗೆ ಬಂದು ಬಹಳ ವರ್ಷವಾಗಿ ಮಾತು ಅರ್ಧ ನಮ್ಮದಾಗಿದ್ದರೂ ಈ ಪದ ಅವರಿಗೆ ದಕ್ಕಿರಲಿಲ್ಲ.

"ನೆಗೆಣ್ಣಿ ಅಂದ್ರೆ?"

"ಓರಗಿತ್ತಿ ಸರ್," ಎಂದೆ.

"ಅದು ಹತ್ತಿರದ ಸಂಬಂಧ ಆಗ್ತದೇನ್ರಿ?"

ನಿಯಮದ ಪುಸ್ತಕ ತರಿಸಿದರು. ಗಂಡ, ಹೆಂಡತಿ, ಮಕ್ಕಳು, ಅಣ್ಣತಮ್ಮ, ಅಕ್ಕತಂಗಿ ಇದ್ದರು. ಕೊನೆಗೆ "ಇತ್ಯಾದಿ" ಇತ್ತು. ನೆಗೆಣ್ಣಿ ಇತ್ಯಾದಿಯಲ್ಲಿ ಬರುತ್ತಾಳೋ ಇಲ್ಲವೋ ಎಂದು ಸ್ಟಾಫ್ ರೂಮಿನಲ್ಲಿ ಸಣ್ಣ ಚರ್ಚೆಯೇ ಆಯಿತು. ಸೊಂಟನೋವಿನ ಹಿರಿಯ ಮೇಡಂ ನನ್ನ ಪರವಾಗಿ ವಾದಿಸಿದರು.

"ಸರ್, ನೆಗೆಣ್ಣಿ ನೆಗೆಣ್ಣಿಗೆ ಕಾಪಿ ಹೊಡಸ್ತಾಳೇನ್ರಿ? ಇಕಿನೇ ಮೊದಲು ಹಿಡದು ಕೊಡ್ತಾಳ. ಇಂಥಾ ಇನ್ವಿಜಿಲೇಟರ್ ನಿಮಗ ಸಿಗಂಗಿಲ್ಲ."

ಎಲ್ಲರೂ ನಕ್ಕರು. ಪ್ರಾಚಾರ್ಯರೂ ನಕ್ಕರು. ನಕ್ಕು, ತಲೆನೋವು ಬೇಡ ಎಂದು ಆ ಸಲದ ಇಡೀ ಪರೀಕ್ಷೆಯಿಂದ ನನ್ನ ಹೆಸರು ಹೊಡೆದುಹಾಕಿದರು. ಅವಳು ಬರೆಯುವ ದಿನ ಮಾತ್ರ ಬಿಡಿಸಬಹುದಿತ್ತು ಎಂದು ನನಗನ್ನಿಸಿತು, ಈಗಲೂ ಅನ್ನಿಸುತ್ತದೆ. ಆದರೆ ಅಂಜುವ ಅಧಿಕಾರಿಯ ಎದುರು ವಾದಿಸಿದರೆ ಮುಂದಿನ ಪಟ್ಟಿಯೂ ಹೋಗುತ್ತದೆ. ಬಸ್ಸಿನಲ್ಲಿ ಹುಮನಾಬಾದ್ ತನಕ ಸಿಟ್ಟು ಇಳಿಯಲಿಲ್ಲ. ಅವರ ಮೇಲೆ, ನೆಗೆಣ್ಣಿಯ ಮೇಲೆ, ಎಲ್ಲಕ್ಕಿಂತ ಹೆಚ್ಚು ಫಲಕ ಓದುವ ನನ್ನ ಚಟದ ಮೇಲೆ.

ಮನೆಯಲ್ಲಿ ಬಾಯಿ ಬಿಡಬಾರದು ಎಂದು ತೀರ್ಮಾನಿಸಿಕೊಂಡೇ ಒಳಗೆ ಹೋದೆ. ಅಲ್ಲಿ ನೆಗೆಣ್ಣಿ ಒಂದು ಆದೇಶ ಹಿಡಿದು ಕೂತಿದ್ದಳು.

"ಡ್ಯೂಟಿ ಬಿದ್ದದ ತಂಗಿ. ಮನಿ ಮನಿ ಸರ್ವೇ. ಟ್ರೇನಿಂಗು ಅದ ದಿನ."

"ಯಾವ ದಿನ?"

"ಇಂಗ್ಲಿಷ್ ಪೇಪರ್ ದಿನ."

ಗಣತಿದಾರರ ತರಬೇತಿ ಹುಮನಾಬಾದಿನಲ್ಲಿ ಬೆಳಿಗ್ಗೆ. ಪರೀಕ್ಷೆ ಬಸವಕಲ್ಯಾಣದಲ್ಲಿ ಬೆಳಿಗ್ಗೆ. ತರಬೇತಿಯಲ್ಲೇ ಗುರುತಿನ ಚೀಟಿ, ಮನೆಗೆ ಅಂಟಿಸುವ ಸ್ಟಿಕ್ಕರು ಕೊಡುತ್ತಾರೆ, ಆ್ಯಪಿಗೆ ಮೊಬೈಲ್ ಸಂಖ್ಯೆ ಜೋಡಿಸುತ್ತಾರೆ. ಗೈರಾದವರಿಗೆ ನೋಟಿಸು. ಮೇಲ್ವಿಚಾರಕಿಯಾಗಬೇಕು ಎನ್ನುವವಳ ಸೇವಾ ಕಡತದಲ್ಲಿ ನೋಟಿಸು ಬಂದು ಕೂತರೆ ಡಿಗ್ರಿ ತಗೊಂಡು ಏನು ಮಾಡುವುದು?

"ಹೋಗ್ಲಿ ಬಿಡು," ಎಂದಳು. "ಇಷ್ಟು ವರ್ಷ ಆ ಪೇಪರ್ ಇಲ್ಲದ ಬದುಕೀವಿ. ಇನ್ನೂ ಬದುಕಬೇಕು."

ಆಗ ನನ್ನ ತೀರ್ಮಾನ ಮುರಿದು ಬಿತ್ತು.

"ಬಿಡು ಅಂದ್ರ ಹ್ಯಾಂಗ್ರಿ ಅಕ್ಕಾ? ನಿಮ್ಮ ಹೆಸರು ಬರದು ನಾ ಡ್ಯೂಟಿ ಕಳಕೊಂಡು ಬಂದೀನಿ. ಇಡೀ ಪರೀಕ್ಷೆದು. ನೀವು ಈಗ ಬರಿಯಂಗಿಲ್ಲ ಅಂದ್ರ ನಾ ಯಾರಿಗಾಗಿ ಕಳಕೊಂಡಂಗಾಯ್ತು?"

ಅವಳು ಆದೇಶವನ್ನು ಮಡಚಿಟ್ಟಳು. ಅತ್ತೆ ಒಳಗಿನಿಂದ, "ಇಬ್ಬರೂ ಮನ್ಯಾಗ ಕುಂದ್ರಾಕತ್ತೀರೆಂದ್ರ ರೊಟ್ಟಿ ಯಾರು ಬಡೀತೀರಿ ಹೇಳ್ರಿ" ಎಂದು ಕೇಳಿದರು. ಆ ಪ್ರಶ್ನೆಗೆ ಎದ್ದವಳು ನೆಗೆಣ್ಣಿ. ಹಿಟ್ಟು ನಾದುತ್ತ ನಾದುತ್ತ, "ನನ್ನ ಡ್ಯೂಟಿ ನಿನಗ ಕೊಡಾಕ ಬರ್ತದೇನು ಕೇಳೋಣ" ಎಂದಳು.

ಮರುದಿನ ಇಬ್ಬರೂ ತಾಲೂಕು ಕಚೇರಿಗೆ ಹೋದೆವು. ಸಮೀಕ್ಷೆ ನೋಡಿಕೊಳ್ಳುವ ಗುಮಾಸ್ತರ ಮುಂದೆ ವಿನಾಯಿತಿ ಬೇಡುವವರ ಗುಂಪು ನಿಂತಿತ್ತು. ಗರ್ಭಿಣಿಯರು, ಆಪರೇಷನ್ ಆದವರು, ಆಪರೇಷನ್ ಆದವರಂತೆ ನಡೆಯುವವರು. ನೆಗೆಣ್ಣಿ ಹಾಲ್ ಟಿಕೆಟ್ಟಿನ ಜೆರಾಕ್ಸು ಮುಂದಿಟ್ಟಳು.

"ಮಕ್ಕಳ ಪರೀಕ್ಷೆಗೆ ಬಿಡಂಗಿಲ್ರಿ ಅಕ್ಕೋರ," ಎಂದರು ಅವರು ನೋಡದೆ.

"ಮಕ್ಕಳದಲ್ರಿ. ನಂದು."

ಆಗ ತಲೆ ಎತ್ತಿದರು. ಫೋಟೋ ನೋಡಿದರು, ಅವಳನ್ನು ನೋಡಿದರು. "ಬದಲಿ ಯಾರನ್ನರೆ ಕೊಟ್ಟರ ಸಾಹೇಬ್ರ ಮುಂದ ಇಡ್ತೀನಿ" ಎಂದರು. ಎಲ್ಲರೂ ಬಿಡಿಸಿಕೊಳ್ಳಲು ಬರುವ ಆ ಮೇಜಿನ ಮುಂದೆ ನಾನು ಸೇರಿಸಿಕೊಳ್ಳಿ ಎಂದು ಅರ್ಜಿ ಕೊಟ್ಟೆ. ಪದವಿಯ ಪ್ರತಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ, ಕಾಲೇಜಿನಿಂದ ಬಿಡುಗಡೆಯಾದ ಪತ್ರ ಎಲ್ಲವೂ ನನ್ನ ಚೀಲದಲ್ಲೇ ಇದ್ದವು. ಅತಿಥಿಗಳ ಚೀಲದಲ್ಲಿ ಅವು ಯಾವಾಗಲೂ ಇರುತ್ತವೆ. ಗಣತಿದಾರರ ಕೊರತೆ ಇತ್ತಂತೆ. ತರಬೇತಿಯ ಹಿಂದಿನ ದಿನ ಬದಲಿ ಆದೇಶ ಬಂತು.

"ನನಗ ಬಿದ್ದದ್ದು ನಿನಗ ಸಿಕ್ತು ನೋಡು," ಎಂದಳು ನೆಗೆಣ್ಣಿ. ಆ ವ್ಯತ್ಯಾಸ ಅವಳಿಗೂ ಗೊತ್ತಿತ್ತು ಎಂದು ನನಗೆ ಅಂದು ತಿಳಿಯಿತು.

ಆ ಬೆಳಿಗ್ಗೆ ಒಂದೇ ಬಾಗಿಲಿನಿಂದ ಹೊರಬಿದ್ದು ಅವಳು ನಾನು ದಿನಾ ಹತ್ತುತ್ತಿದ್ದ ಬಸ್ಸು ಹತ್ತಿದಳು. ನಾನು ಅವಳು ಹೋಗಬೇಕಿದ್ದ ತರಬೇತಿಗೆ ಹೋದೆ. ಅಲ್ಲಿ ಹಾಜರಿ ಕೂಗುವಾಗ ಹಳೆಯ ಪಟ್ಟಿಯಲ್ಲಿ ಅವಳ ಹೆಸರೇ ಇತ್ತು. "ಬದಲಿ ಹಾಜರ್ರಿ" ಎಂದೆ. ತರಬೇತುದಾರರು ಪರದೆಯ ಮೇಲೆ ಆ್ಯಪು ತೋರಿಸುತ್ತಿದ್ದಾಗ ನನ್ನ ಮನಸ್ಸು ಪರೀಕ್ಷಾ ಕೊಠಡಿಯಲ್ಲಿತ್ತು. ಈಗ ಗಂಟೆ ಹೊಡೆದಿರುತ್ತದೆ, ಈಗ ಪ್ರಶ್ನೆಪತ್ರಿಕೆ ಕೊಟ್ಟಿರುತ್ತಾರೆ, ಕೊಹಿನೂರದವನು ಹಾಲ್ ಟಿಕೆಟ್ ನೋಡುತ್ತಿರಬಹುದು. ಅವನಿಗೆ ಅವಳು ಏನೂ ಆಗಬೇಕಾಗಿಲ್ಲ. ಹಾಗಂತ ಅವನು ಎಂದೂ ಒಪ್ಪುತ್ತಿರಲಿಲ್ಲ.

ಸಾಯಂಕಾಲ ಅವಳು ಬಂದಾಗ ಬೆರಳ ಮೇಲೆ ಮಸಿ ಇತ್ತು. "ಹ್ಯಾಂಗ ಆತ್ರಿ?" ಎಂದೆ. "ಹಾಳಿ ತುಂಬಸೀನಿ" ಎಂದು ಹೇಳಿ ನೇರ ಒಲೆಯ ಹತ್ತಿರ ಹೋದಳು.

ನನ್ನ ಪಾಲಿನ ಬ್ಲಾಕು ಅವಳ ಅಂಗನವಾಡಿಯ ಸುತ್ತಲಿನ ಓಣಿಗಳು. ಪ್ರತಿ ಬಾಗಿಲಲ್ಲೂ "ನಮ್ಮ ಅಂಗನವಾಡಿ ಬಾಯಿ ಯಾಕ ಬಂದಿಲ್ಲ?" ಎಂಬುದೇ ಮೊದಲ ಪ್ರಶ್ನೆ. ಎರಡನೆಯದು "ಓಟಿಪಿ ಯಾಕ ಕೇಳ್ತೀರಿ, ರೊಕ್ಕ ಹೋಗ್ತಾವೇನು?" ಮಧ್ಯಾಹ್ನ ಆ್ಯಪಿನ ಸರ್ವರ್ ಮಲಗುತ್ತಿತ್ತು. ಆಗ ಯಾರದಾದರೂ ಕಟ್ಟೆಯ ಮೇಲೆ ಕೂತು ಅವರು ಕೊಟ್ಟ ಚಹಾ ಕುಡಿಯಬೇಕಿತ್ತು. ಓಟಿಪಿ ಕೊಡಲು ಒಲ್ಲೆ ಅಂದವರ ಮನೆಗೆ ನೆಗೆಣ್ಣಿ ಸಂಜೆ ನನ್ನ ಜೊತೆ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದಳು. "ನನ್ನ ತಂಗಿ ಇದ್ದಾಳ, ಹೇಳ್ರಿ" ಎನ್ನುತ್ತಿದ್ದಳು. ನೆಗೆಣ್ಣಿ ಎಂದು ಒಮ್ಮೆಯೂ ಹೇಳಲಿಲ್ಲ.

ನಮ್ಮ ಮನೆಯೂ ಅದೇ ಬ್ಲಾಕಿನಲ್ಲಿತ್ತು. ಅದನ್ನು ಕೊನೆಗೆ ಇಟ್ಟುಕೊಂಡಿದ್ದೆ. ಫಲಿತಾಂಶ ಅಷ್ಟರಲ್ಲಿ ಬಂದೀತೆಂಬ ಆಸೆ, ಇನ್ನೇನಿಲ್ಲ. ಬರಲಿಲ್ಲ, ಸಮೀಕ್ಷೆಯ ಗಡುವು ಬಂತು. ಅಡುಗೆಮನೆಯಲ್ಲಿ ಕೂತು ಮೊಬೈಲು ತೆರೆದೆ. ರೇಷನ್ ಕಾರ್ಡಿನ ಪ್ರಕಾರ ಅತ್ತೆಯೇ ಕುಟುಂಬದ ಮುಖ್ಯಸ್ಥೆ. ಮುಖ್ಯಸ್ಥರೊಂದಿಗೆ ಸಂಬಂಧ ಎಂಬ ಕಡೆ ಆ್ಯಪಿನಲ್ಲಿ ಮಗ, ಮಗಳು, ಸೊಸೆ, ಮೊಮ್ಮಗಳು ಎಲ್ಲ ಇದ್ದರು. ಅವಳಿಗೂ ಸೊಸೆ ಎಂದು ಒತ್ತಿದೆ, ನನಗೂ ಸೊಸೆ ಎಂದು ಒತ್ತಿದೆ. ನಾವಿಬ್ಬರೂ ಒಬ್ಬರಿಗೊಬ್ಬರು ಏನಾಗಬೇಕು ಎಂದು ಅದು ಕೇಳಲೇ ಇಲ್ಲ.

ಮುಂದೆ ಪೂರ್ಣಗೊಳಿಸಿದ ವಿದ್ಯಾರ್ಹತೆ ಎಂದು ಬಂತು. ನಾನು ಅವಳ ಮುಖ ನೋಡಿದೆ.

"ಪಿಯುಸಿ ಹಾಕು," ಎಂದಳು.

"ಪರೀಕ್ಷಾ ಬರದೀರಲ್ಲ ಅಕ್ಕಾ."

"ಬರದೀನಿ. ಪಾಸ್ ಆಗೀನೇನು? ರಿಜಲ್ಟ್ ಬರೋ ತನಕ ಪಿಯುಸಿನೇ. ಎಷ್ಟು ಸರ್ವೇ ಮಾಡೀನಿ, ನನಗೇನು ಗೊತ್ತಿಲ್ಲೇನು?"

ಪಿಯುಸಿ ಎಂದು ಹಾಕಿದೆ. ನನ್ನದಕ್ಕೆ ಸ್ನಾತಕೋತ್ತರ ಎಂದು ಹಾಕಿದೆ. ಅವಳು ರೊಟ್ಟಿ ಮಗುಚಿದಳು. ಆ ಸಮೀಕ್ಷೆಯಲ್ಲಿ ನನಗೆ ಕಷ್ಟವಾದ ಮನೆ ಅದೊಂದೇ.

ಫಲಿತಾಂಶ ಬಂದಾಗ ಹುಮನಾಬಾದಿನಲ್ಲಿ ಕರೆಂಟು ಇರಲಿಲ್ಲ, ಮನೆಯೊಳಗೆ ನೆಟ್‌ವರ್ಕು ಇರಲಿಲ್ಲ. ನಾನು, ಅವಳು, ಮಗಳು ಮಾಳಿಗೆ ಹತ್ತಿ ಮೊಬೈಲು ಎತ್ತಿ ಹಿಡಿದು ನಿಂತೆವು. ನೋಂದಣಿ ಸಂಖ್ಯೆಯನ್ನು ಅವಳೇ ಹೇಳಿದಳು, ಮಗಳು ಒತ್ತಿದಳು. ಅಂಕಗಳು ಎದ್ದು ಕುಣಿಯುವಂಥವಲ್ಲ, ಆದರೆ ಪಾಸಿನ ಗೆರೆಯ ಈಚೆಗಿದ್ದವು. ಮಗಳು ಕಿರುಚಿದಳು. ನೆಗೆಣ್ಣಿ ಮಾತ್ರ ಪರದೆಯನ್ನು ಎರಡು ಸಲ ಓದಿ ನನ್ನ ಕಡೆ ತಿರುಗಿದಳು.

"ಈಗ ನಿನ್ನ ಆ್ಯಪಿನ್ಯಾಗ ತಿದ್ದಾಕ ಬರ್ತದೇನು?"

"ಇಲ್ರಿ ಅಕ್ಕಾ. ಲಾಕ್ ಆಗ್ಯಾದ."

"ಆಗ್ಲಿ ಬಿಡು," ಎಂದು ಸೆರಗಿನಿಂದ ಮುಖ ಒರೆಸಿಕೊಂಡು ಕೆಳಗಿಳಿದಳು. ಸರ್ಕಾರದ ಲೆಕ್ಕದಲ್ಲಿ ಅವಳು ಇವತ್ತಿಗೂ ಪಿಯುಸಿಯೇ ಇರಬೇಕು. ಮೇಲ್ವಿಚಾರಕಿ ಹುದ್ದೆಗೆ ಅರ್ಜಿ ಹಾಕಿದ್ದಾಳೆ. ಇನ್ನೂ ಆಗಿಲ್ಲ. ಅರ್ಜಿಗೆ ಲಗತ್ತಿಸಿದ ಪದವಿ ಪ್ರಮಾಣಪತ್ರದ ಜೆರಾಕ್ಸು ಈಗ ಅವಳ ಚೀಲದಲ್ಲೂ ಯಾವಾಗಲೂ ಇರುತ್ತದೆ.

ಮುಂದಿನ ಸೆಮಿಸ್ಟರಿನ ಪರೀಕ್ಷೆಗೆ ನನಗೆ ಮತ್ತೆ ಡ್ಯೂಟಿ ಸಿಕ್ಕಿತು. ಅದೇ ಸಭೆ, ಅದೇ ಮಾತು, ಅದೇ ಘೋಷಣಾ ಪತ್ರ. ಕೊಹಿನೂರದವನು ಈಗ ಪಳಗಿದ್ದ, ಒಂದೇ ಸಾಲು ಬರೆದು ಮಡಚಿದ್ದ. ಪ್ರಾಚಾರ್ಯರು ನನ್ನ ಹತ್ತಿರ ಬಂದು ನಿಂತು, ಈಗ ಬಾಯಿಗೆ ಚೆನ್ನಾಗಿ ಹಿಡಿದ ಆ ಪದವನ್ನು ಒತ್ತಿ ಹೇಳಿ ಕೇಳಿದರು.

"ಏನ್ರೀ, ಈ ಸಲ ನೆಗೆಣ್ಣಿ?"

"ಇಲ್ರಿ ಸರ್. ಪಾಸಾಗಿ ಹೋದ್ಲು."

ಹತ್ತಿರದ ಸಂಬಂಧಿಕರು ಎಂಬುದರ ಮುಂದೆ "ಯಾರೂ ಇಲ್ಲ" ಎಂದು ದೊಡ್ಡ ಅಕ್ಷರದಲ್ಲಿ ಬರೆದೆ. ಆ ಮಾತನ್ನು ಅಷ್ಟು ಖುಷಿಯಿಂದ ನಾನು ಬೇರೆಲ್ಲೂ ಬರೆದಿಲ್ಲ.